ಚಪ್ಪಲಿ ತೆಗೆದು ಬೂಟು ತೊಡಿಸುವ ಕೆಲಸ

ದೀಪಾವಳಿ ಕಳೆದು ಮದುವೆಯ ದಿನಗಳು ಶುರುವಾದರೆ ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಸಂಜೆಯ ಹೊತ್ತು ಕೋಟು ತೊಟ್ಟ ಹುಡುಗರು, ಜರಿಸೀರೆಯ ಹುಡುಗಿಯರು, ಅವರ ಮುಂದೆ ಕ್ಯಾಮೆರಾ ಹಿಡಿದವರು ಕಾಣಸಿಗುತ್ತಾರೆ. ಬೂಟಿನೊಳಗೆ ಮರಳು ಹೊಗುತ್ತದೆಂದು ಹುಡುಗ ಅದನ್ನು ಕಾರಿನಲ್ಲೇ ಬಿಟ್ಟು ಹವಾಯಿ ಚಪ್ಪಲಿಯಲ್ಲಿ ಬಂದಿರುತ್ತಾನೆ. ಸೊಂಟದಿಂದ ಮೇಲಿನ ಚಿತ್ರಗಳಿಗೆ ಅದರಿಂದ ತೊಂದರೆಯಿಲ್ಲ. ಆದರೆ ಇಡೀ ಆಳು ಕಾಣುವ ಒಂದು ಚಿತ್ರವೇ ಎಲ್ಲರಿಗೂ ಹಿಡಿಸಿ, ಆಲ್ಬಮ್ಮಿನ ಮೊದಲ ಹಾಳೆಗೆ ಅದೇ ಬೇಕೆಂದಾಗ ಮಾತು ಬರುತ್ತದೆ: ‘ಅಣ್ಣಾ, ಚಪ್ಪಲಿ ತೆಗ್ದು ಬೂಟು ಹಾಕಿಕೊಡಿ, ಅಷ್ಟೇ ಅಲ್ವಾ?’

ಆಲ್ಬಮ್ ವಿನ್ಯಾಸ ಮಾಡುವವರಿಗೆ ಈ ‘ಅಷ್ಟೇ’ ಎಷ್ಟು ದೊಡ್ಡದೆಂದು ಗೊತ್ತು. ಮುಖದ ಕಲೆ ಅಳಿಸುವುದು, ಹಿನ್ನೆಲೆಯ ಕಂಬ ತೆಗೆಯುವುದು ಇದಕ್ಕೆ ಹೋಲಿಸಿದರೆ ಸುಲಭ. ಕಾಲು ಮಾತ್ರ ನೆಲಕ್ಕೆ ತಾಗಿರುವ ಅಂಗ. ಅಲ್ಲಿ ಏನು ಬದಲಿಸಿದರೂ ನೆಲ ಅದಕ್ಕೆ ಒಪ್ಪಬೇಕು. ಒಪ್ಪದಿದ್ದರೆ ನೋಡುವವರಿಗೆ ಕಾರಣ ಹೇಳಲು ಬಾರದು, ಆದರೂ ‘ಹುಡುಗ ತೇಲಿದ ಹಾಗೆ ಕಾಣ್ತಾನಲ್ಲ’ ಎಂದುಬಿಡುತ್ತಾರೆ. ಆದ್ದರಿಂದ ಈ ಕಸುಬಿನಲ್ಲಿ ಬೂಟಿಗೆ ಕೊಡುವ ಹೊತ್ತಿಗಿಂತ ಅದರ ಸುತ್ತಲಿನ ಒಂದು ಗೇಣು ಮರಳಿಗೆ ಕೊಡುವ ಹೊತ್ತು ಹೆಚ್ಚು.

ಹೆಚ್ಚಿನವರು ಎಡವುವುದು ಮೊದಲ ಹೆಜ್ಜೆಯಲ್ಲೇ. ಆನ್‌ಲೈನ್ ಅಂಗಡಿಯಿಂದ ಒಂದು ಚೆಂದದ ಬೂಟಿನ ಚಿತ್ರ ತಂದು ಅಂಟಿಸುತ್ತಾರೆ. ಅಂಗಡಿಯವರು ಬೂಟನ್ನು ಮೇಜಿನ ಮೇಲಿಟ್ಟು, ಕ್ಯಾಮೆರಾವನ್ನು ಹೆಚ್ಚುಕಡಿಮೆ ಅದರ ಮಟ್ಟಕ್ಕೇ ಇಳಿಸಿ, ಪಕ್ಕದಿಂದ ತೆಗೆದಿರುತ್ತಾರೆ. ಕಡಲತೀರದಲ್ಲಿ ನಿಂತ ಹುಡುಗನ ಪಾದವನ್ನು ಕ್ಯಾಮೆರಾ ನೋಡಿದ್ದು ಮೇಲಿನಿಂದ. ಎರಡು ನೋಟಗಳೂ ಒಂದೇ ನೆಲದ ಮೇಲೆ ಕೂರುವುದಿಲ್ಲ. ಎಳೆದು ತಿರುಚಿ ಕೂರಿಸಲು ನೋಡಿದರೂ ಬೂಟಿನ ಮೇಲ್ಭಾಗ, ಲೇಸು ಕಟ್ಟುವ ಜಾಗ ಆ ಚಿತ್ರದಲ್ಲಿ ಸರಿಯಾಗಿ ಇರುವುದೇ ಇಲ್ಲ. ಇಲ್ಲದ ಭಾಗವನ್ನು ತಿರುಚಿ ತರಲಾಗದು.

ಹಾಗಾದರೆ ಕ್ಯಾಮೆರಾ ಎಷ್ಟು ಎತ್ತರದಲ್ಲಿತ್ತೆಂದು ತಿಳಿಯುವುದು ಹೇಗೆ? ಊರೊಳಗಿನ ಗಲ್ಲಿಯಲ್ಲಿ ತೆಗೆದ ಚಿತ್ರವಾದರೆ ಗೋಡೆ, ಹಾಸುಗಲ್ಲುಗಳ ಗೆರೆ ಹಿಡಿದು ಲೆಕ್ಕ ಹಾಕಬೇಕಾದೀತು. ಕಾರವಾರದವರಿಗೆ ಆ ಕಷ್ಟವಿಲ್ಲ, ಸಮುದ್ರವೇ ಹೇಳಿಬಿಡುತ್ತದೆ. ದೂರದಲ್ಲಿ ನೀರು ಆಕಾಶಕ್ಕೆ ತಾಗುವ ಗೆರೆ ಯಾವತ್ತೂ ಕ್ಯಾಮೆರಾದ ಕಣ್ಣಿನ ಮಟ್ಟದಲ್ಲೇ ಇರುತ್ತದೆ. ಸಮತಟ್ಟಾದ ದಡದಲ್ಲಿ ನಿಂತ ಆಳನ್ನು ಆ ಗೆರೆ ಎಲ್ಲಿ ಹಾದುಹೋಗುತ್ತದೋ ಕ್ಯಾಮೆರಾ ನೆಲದಿಂದ ಅಷ್ಟೇ ಎತ್ತರದಲ್ಲಿತ್ತು ಎಂದರ್ಥ. ಕೂರ್ಮಗಡದಂಥ ದ್ವೀಪವೋ ಗುಡ್ಡದ ಸಾಲೋ ಅಡ್ಡ ಬಂದರೆ ಅವುಗಳ ಪಕ್ಕದಲ್ಲಿ ಬಯಲಾಗಿ ಕಾಣುವ ನೀರಿನ ಗೆರೆಯನ್ನೇ ನೇರಕ್ಕೆ ಮುಂದುವರಿಸಿಕೊಂಡರಾಯಿತು.

ಒಂದು ಚಿತ್ರವನ್ನೇ ತೆಗೆದುಕೊಂಡು ನೋಡೋಣ. ಹುಡುಗನ ಎತ್ತರ 170 ಸೆಂ.ಮೀ. ಸಮುದ್ರದ ಗೆರೆ ಅವನ ಎದೆಯ ಮೇಲೆ, ನೆಲದಿಂದ 120 ಸೆಂ.ಮೀ. ಎತ್ತರದಲ್ಲಿ ಹಾದಿದೆ. ಫುಲ್‌ಫ್ರೇಮ್ ಕ್ಯಾಮೆರಾ, 50 ಮಿ.ಮೀ. ಲೆನ್ಸು, ನಿಲುವಾಗಿ ಹಿಡಿದ ಚಿತ್ರದ ಎತ್ತರ 6000 ಪಿಕ್ಸೆಲ್. ಅದರಲ್ಲಿ ಹುಡುಗ ಸುಮಾರು 3540 ಪಿಕ್ಸೆಲ್ ಇದ್ದಾನೆ. ಇಷ್ಟು ಗೊತ್ತಾದರೆ ಕ್ಯಾಮೆರಾ ನಾಲ್ಕು ಮೀಟರ್ ದೂರದಲ್ಲಿತ್ತೆಂದು ಸರಳ ಗುಣಾಕಾರ ಭಾಗಾಕಾರದಲ್ಲೇ ಸಿಗುತ್ತದೆ. ಅವನ ಮೈಮೇಲಿನ ಒಂದು ಸೆಂಟಿಮೀಟರಿಗೆ ಸುಮಾರು 21 ಪಿಕ್ಸೆಲ್. ನಾಲ್ಕು ಮೀಟರ್ ದೂರ, 120 ಸೆಂ.ಮೀ. ಎತ್ತರ ಎಂದಮೇಲೆ ಕ್ಯಾಮೆರಾ ಪಾದವನ್ನು 17 ಡಿಗ್ರಿಯಷ್ಟು ಕೆಳಗೆ ನೋಡುತ್ತಿತ್ತು. ಆ ಕೋನದಲ್ಲಿ, ನಮ್ಮತ್ತ ಮುಖ ಮಾಡಿದ 27 ಸೆಂ.ಮೀ. ಉದ್ದದ ಅಂಗಾಲು ಚಿತ್ರದಲ್ಲಿ ಮೇಲಿಂದ ಕೆಳಕ್ಕೆ ಬರೀ ಎಂಟು ಸೆಂಟಿಮೀಟರಿನಷ್ಟು ಕಾಣುತ್ತದೆ. ಅಂಗಡಿಯ ಚಿತ್ರದ ಉದ್ದನೆಯ ಬೂಟು ಇಲ್ಲಿ ಏಕೆ ಹೊಂದುವುದಿಲ್ಲವೆಂದು ಈ ಒಂದು ಅಂಕಿಯೇ ಹೇಳುತ್ತದೆ.

ಲೆಕ್ಕ ಕೈಗೆ ಬಂದಮೇಲೆ ನನ್ನ ಮಟ್ಟಿಗೆ ಒಂದೇ ದಾರಿ: ಹುಡುಗನದೇ ಬೂಟು ತರಿಸಿಕೊಂಡು, ಅದೇ ದಡಕ್ಕೆ ಅದೇ ಹೊತ್ತಿಗೆ ಹೋಗಿ, ಅದೇ ಲೆನ್ಸಿನಿಂದ, 120 ಸೆಂ.ಮೀ. ಎತ್ತರ, ನಾಲ್ಕು ಮೀಟರ್ ದೂರ ಇಟ್ಟುಕೊಂಡು ಬೂಟಿನ ಚಿತ್ರ ತೆಗೆಯುವುದು. ಬರೀ ಬೂಟನ್ನು ಮರಳ ಮೇಲಿಡಬಾರದು, ಯಾರಾದರೂ ತೊಟ್ಟು ನಿಲ್ಲಬೇಕು. ಖಾಲಿ ಬೂಟು ಮರಳಿನಲ್ಲಿ ಇಳಿಯುವುದಿಲ್ಲ, ಬೆರಳಿನ ಹತ್ತಿರ ಚರ್ಮ ಮಡಚುವುದಿಲ್ಲ. ಆಳಿನ ಭಾರ ಬಿದ್ದಾಗ ಹಿಮ್ಮಡಿ ಒಳಗೆ ಕೂತು, ಪಕ್ಕದಲ್ಲಿ ಮರಳಿನ ಸಣ್ಣ ದಿಬ್ಬ ಎದ್ದು, ಅಟ್ಟೆಯ ಅಂಚನ್ನು ಅಲ್ಲಲ್ಲಿ ಮುಚ್ಚುತ್ತದೆ. ನೆಲಕ್ಕೆ ತಾಗಿದೆ ಎಂಬ ನಂಬಿಕೆ ಬರುವುದು ಮುಖ್ಯವಾಗಿ ಅದರಿಂದಲೇ. ಮೊದಲ ಚಿತ್ರದಲ್ಲಿ ಎಡಪಾದ ಎಷ್ಟು ಹೊರಕ್ಕೆ ತಿರುಗಿತ್ತೋ ಅಷ್ಟೇ ತಿರುಗಿಸಿ ನಿಲ್ಲಿಸಬೇಕು. ಒಂದು ಪಾದ ಒಂದಡಿ ಮುಂದಿದ್ದರೆ ಅದು ನೂರಕ್ಕೆ ಎಂಟರಷ್ಟು ದೊಡ್ಡದಾಗಿ ಕಾಣುವುದರಿಂದ ಎರಡು ಬೂಟನ್ನೂ ಒಂದೇ ಚಿತ್ರದಿಂದ ಕತ್ತರಿಸಿ ತರುವುದು ಒಳ್ಳೆಯದು. ಒಂದನ್ನೇ ಮಗುಚಿ ಇನ್ನೊಂದು ಮಾಡಿದರೆ ಬೆಳಕು ಎರಡು ಕಡೆಯಿಂದ ಬಂದಂತಾಗಿ ಕೆಡುತ್ತದೆ.

ಬೆಳಕಿನ ವಿಷಯದಲ್ಲಿ ನಮ್ಮ ಪಡುವಣ ಕಡಲಿಗೆ ಅದರದೇ ಒಂದು ಸ್ವಭಾವವಿದೆ. ಹಿಂದೆ ಸಮುದ್ರ ಕಾಣಬೇಕೆಂದರೆ ಕ್ಯಾಮೆರಾ ಪಶ್ಚಿಮಕ್ಕೆ ಮುಖ ಮಾಡಬೇಕು, ಸಂಜೆಯ ಸೂರ್ಯನೂ ಅಲ್ಲೇ. ಡಿಸೆಂಬರಿನಲ್ಲಿ ಸಂಜೆ ಐದಕ್ಕೆ ಸೂರ್ಯ ದಿಗಂತದಿಂದ ಸುಮಾರು 13 ಡಿಗ್ರಿ ಮೇಲೆ, ಹುಡುಗನ ಬೆನ್ನ ಹಿಂದೆ, ನಮಗೆ ತುಸು ಎಡಕ್ಕೆ ಇರುತ್ತಾನೆ. ನೆರಳು ವಸ್ತುವಿನ ಎತ್ತರದ ನಾಲ್ಕು ಪಟ್ಟಿಗೂ ಹೆಚ್ಚು ಉದ್ದವಾಗಿ, ನಮ್ಮ ಕಡೆಗೆ, ಬಲಕ್ಕೆ ವಾಲಿ ಬೀಳುತ್ತದೆ. ಬೂಟಿನ ಮುಂಭಾಗ ನೆರಳಿನಲ್ಲಿದ್ದು, ಅಂಚಿಗೆ ಮಾತ್ರ ಬಿಸಿಲಿನ ಗೆರೆ ಹೊಳೆಯುತ್ತದೆ. ಎದುರಿನಿಂದ ಬೆಳಗಿಸಿದ ಬೂಟನ್ನು ತಂದು ಇಲ್ಲಿ ಕೂರಿಸಿದರೆ ಅದೊಂದೇ ಬೇರೆ ಊರಿನದಾಗಿ ಕಾಣುತ್ತದೆ.

ಮೇಲಿನ ಚಿತ್ರದಲ್ಲಿ ಪಾದದ ಮುಂದೆ ಸುಮಾರು ಎರಡಡಿ ಮರಳು ಮಾತ್ರ ಚೌಕಟ್ಟಿನಲ್ಲಿದೆ. ಅಷ್ಟರಲ್ಲಿ ಬೀಳುವುದು ನೆಲದಿಂದ ಹದಿನೈದು ಸೆಂಟಿಮೀಟರಿನವರೆಗಿನ ಭಾಗದ ನೆರಳು, ಅಂದರೆ ಬೂಟು ಮತ್ತು ಪ್ಯಾಂಟಿನ ತುದಿ. ಕೆಲಸವೆಲ್ಲ ಇದರಲ್ಲೇ.

ಬೂಟಿನ ಜತೆಗೆ ಅದರ ಸುತ್ತಲಿನ ಮರಳನ್ನೂ ನೆರಳನ್ನೂ ಸೇರಿಸಿ ಕತ್ತರಿಸಿ ತಂದು, Layer Mask ಹಾಕಿ ಹಳೆಯ ಮರಳಿನೊಳಗೆ ಕರಗಿಸಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಮೋಡ ಬಂದೋ ಮರಳಿನ ಬಣ್ಣ ಬೇರೆಯಾಗಿಯೋ ಅದು ಆಗದಿದ್ದರೆ ನೆರಳನ್ನು ಕೈಯಾರೆ ಕಟ್ಟಬೇಕು. ಆಗ ಅದು ಒಂದಲ್ಲ, ಎರಡು ನೆರಳೆಂದು ತಿಳಿದಿರಬೇಕು.

ಒಂದು, ಅಟ್ಟೆ ಮರಳಿಗೆ ತಾಗುವಲ್ಲಿನ ಸಂದಿಯ ಕತ್ತಲೆ. ಅಲ್ಲಿಗೆ ಬಿಸಿಲೂ ಇಲ್ಲ, ಆಕಾಶದ ಬೆಳಕೂ ಇಲ್ಲ. ಇಡೀ ಚಿತ್ರದಲ್ಲೇ ಕಡುವಾದ ಜಾಗಗಳಲ್ಲಿ ಅದೊಂದು. ಅಗಲ ಎರಡು ಮೂರು ಮಿಲಿಮೀಟರು, ನಮ್ಮ ಚಿತ್ರದಲ್ಲಿ ನಾಲ್ಕರಿಂದ ಆರು ಪಿಕ್ಸೆಲ್. ಹೊರಕ್ಕೆ ಬರುತ್ತ ಎರಡು ಸೆಂಟಿಮೀಟರಿನೊಳಗೆ ಅದು ತೆಳುವಾಗಿ ಮುಗಿಯುತ್ತದೆ. ಮರಳು ಎದ್ದು ಅಂಚು ಮುಚ್ಚಿದಲ್ಲಿ ಈ ಗೆರೆ ತುಂಡಾಗಬೇಕು. ಸುತ್ತಲೂ ಒಂದೇ ದಪ್ಪಕ್ಕೆ ಎಳೆದರೆ ಕಾಡಿಗೆ ಹಚ್ಚಿದಂತೆ ಕಾಣುತ್ತದೆ. ಹಿಮ್ಮಡಿ ಮತ್ತು ಮುಂಗಾಲಿನ ನಡುವೆ ಅಟ್ಟೆ ನೆಲಕ್ಕೆ ತಾಗುವುದಿಲ್ಲವಾದ್ದರಿಂದ ಗಟ್ಟಿ ನೆಲದ ಮೇಲಾದರೆ ಅಲ್ಲಿ ಈ ಕತ್ತಲೆ ಸಡಿಲವಾಗಬೇಕು.

ಇನ್ನೊಂದು, ಸೂರ್ಯ ಬೀಳಿಸಿದ ನೆರಳು. ಇದರೊಳಗೆ ಬಿಸಿಲಿಲ್ಲದಿದ್ದರೂ ಆಕಾಶದ ಬೆಳಕಿದೆ, ಹಾಗಾಗಿ ಮರಳಿನ ಮೇಲೆ ಅದು ತುಸು ನೀಲಿ. Multiply ಪದರದಲ್ಲಿ ಅಪ್ಪಟ ಕಪ್ಪು ತುಂಬಿದರೆ ಮರಳು ಸುಟ್ಟಂತೆ ಕಾಣುವುದು ಈ ನೀಲಿ ಇಲ್ಲದ್ದರಿಂದ. ಬಣ್ಣವನ್ನು ಊಹಿಸುವುದು ಬೇಡ, ಅದೇ ಚಿತ್ರದಲ್ಲಿ ಪ್ಯಾಂಟಿನ ನೆರಳು ಬಿದ್ದ ಮರಳಿನಿಂದಲೇ ಎತ್ತಿಕೊಳ್ಳಬಹುದು. ಅಂಚಿನ ವಿಷಯವೂ ಹಾಗೆಯೇ. ಸೂರ್ಯ ಬಿಂದುವಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ಬಿಂಬ. ಅದರಿಂದಾಗಿ ನೆರಳಿನ ಅಂಚು ಅದನ್ನು ಬೀಳಿಸಿದ ವಸ್ತುವಿನಿಂದ ಒಂದು ಮೀಟರ್ ದೂರ ಹೋದರೆ ಸುಮಾರು ಒಂದು ಸೆಂಟಿಮೀಟರ್ ಮಸುಕಾಗುತ್ತದೆ. ಅಟ್ಟೆಯ ಬಳಿ ಚೂಪು, ಹತ್ತು ಸೆಂ.ಮೀ. ಎತ್ತರದ ಭಾಗದ ನೆರಳು ಬೀಳುವಲ್ಲಿ ಪಕ್ಕದ ಅಂಚು ಎಂಟು ಪಿಕ್ಸೆಲಿನಷ್ಟು ಮೆತ್ತಗೆ. ಇಡೀ ನೆರಳಿಗೆ ಒಂದೇ ಅಳತೆಯ Gaussian Blur ಕೊಟ್ಟರೆ ಬೂಟು ನೆಲ ಬಿಟ್ಟು ಮೇಲೇಳುವುದು ಇದಕ್ಕೇ.

ಬೂಟಿನ ಹಿಮ್ಮಡಿ ಚಪ್ಪಲಿಗಿಂತ ಒಂದು ಸೆಂಟಿಮೀಟರ್ ಎತ್ತರವಿದ್ದರೆ ನ್ಯಾಯವಾಗಿ ಹುಡುಗನೂ 21 ಪಿಕ್ಸೆಲ್ ಮೇಲೇರಬೇಕು. ಒಣ ಮರಳಿನಲ್ಲಿ ಅದು ಬೇಕಾಗುವುದಿಲ್ಲ, ಹಿಮ್ಮಡಿ ಅಷ್ಟು ಒಳಗಿಳಿಯುತ್ತದೆ. ಅಂಕೋಲೆಯ ಯಾವುದೋ ಸಭಾಭವನದ ಟೈಲ್ಸಿನ ಮೇಲೆ ನಿಂತ ಚಿತ್ರವಾದರೆ ತಪ್ಪಿಸಲಾಗದು. ಆಳನ್ನು ಮೇಲೆತ್ತಬೇಕು, ಟೈಲ್ಸಿನಲ್ಲಿ ಕಾಣುವ ಪ್ರತಿಬಿಂಬವನ್ನು ಅಷ್ಟೇ ಕೆಳಗಿಳಿಸಬೇಕು. ಪ್ರತಿಬಿಂಬ ಯಾವಾಗಲೂ ಬೂಟಿನ ನೇರ ಕೆಳಗೆ, ನೆರಳು ಬೆಳಕು ತಳ್ಳಿದ ಕಡೆಗೆ. ಇವೆರಡನ್ನು ಒಂದೇ ದಿಕ್ಕಿಗೆ ಹರಿಯಬಿಟ್ಟ ಚಿತ್ರಗಳನ್ನು ಆಲ್ಬಮ್ಮುಗಳಲ್ಲಿ ಬೇಕಾದಷ್ಟು ನೋಡಿದ್ದೇನೆ.

ಸರಿಯಾಗಿದೆಯೋ ಇಲ್ಲವೋ ನೋಡಲು ಒಂದು ಸ್ಕೇಲು ಸಾಕು. ಬೂಟಿನ ತುದಿಯಿಂದ ಅದರ ನೆರಳಿನ ತುದಿಗೆ ಒಂದು ಗೆರೆ, ಪ್ಯಾಂಟಿನ ಮಡಿಕೆಯಿಂದ ಅದರ ನೆರಳಿಗೆ ಇನ್ನೊಂದು, ಹುಡುಗಿಯ ಸೀರೆಯ ಅಂಚಿನಿಂದ ಮತ್ತೊಂದು. ಇವೆಲ್ಲವನ್ನೂ ಹಿಂದಕ್ಕೆ ಎಳೆದರೆ ಚಿತ್ರದಲ್ಲಿ ಸೂರ್ಯನಿರುವ ಒಂದೇ ಜಾಗದಲ್ಲಿ ಕೂಡಬೇಕು. ತಿದ್ದಿದ ಚಿತ್ರಗಳನ್ನು ಪತ್ತೆಹಚ್ಚುವ ಅಮೆರಿಕದ ವಿಜ್ಞಾನಿ ಹ್ಯಾನಿ ಫರೀದ್ ಮತ್ತವರ ಸಂಗಡಿಗರು ಇದೇ ತತ್ವವನ್ನು ಗಣಿತಕ್ಕಿಳಿಸಿದ್ದಾರೆ. ಬೂಟಿನ ಗೆರೆಯೊಂದೇ ಬೇರೆ ಕಡೆಗೆ ಹೋದರೆ ನೆರಳನ್ನು Distort ಮಾಡಿ ತಿದ್ದಬೇಕು.

ಕೆಲವು ಚಿತ್ರಗಳ ಕಾಲಿಗೆ ಕೈಹಚ್ಚಲೇಬಾರದು. ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡರು 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದಲ್ಲಿ ಪದ್ಮಶ್ರೀ ಸ್ವೀಕರಿಸಿದ್ದು ಹಾಲಕ್ಕಿ ಉಡುಗೆಯಲ್ಲಿ, ಬರಿಗಾಲಿನಲ್ಲಿ. ಅಂಥ ಚಿತ್ರ ಸುದ್ದಿ, ದಾಖಲೆ. ಅಲ್ಲಿ ಪಾದಕ್ಕೆ ಏನಾದರೂ ತೊಡಿಸಿದರೆ ಅದು ಸುಳ್ಳು ಹೇಳಿದಂತೆ. ಮದುವೆ ಮಂಟಪದಲ್ಲಿ ಬರಿಗಾಲಲ್ಲಿ ನಿಂತವರಿಗೆ ಬೂಟು ತೊಡಿಸಿ ಎಂದು ಕೇಳಿದರೂ ನಾನು ಬೇಡವೆನ್ನುತ್ತೇನೆ.

ಮಾಡಬಹುದಾದರೂ ಕೈಗೂಡದ್ದು ಒದ್ದೆ ಮರಳಿನ ಚಿತ್ರ. ತೆರೆ ಈಗಷ್ಟೇ ಹಿಂದೆ ಸರಿದ ಜಾಗದಲ್ಲಿ ಕಾಲೂರಿದರೆ ಪಾದದ ಸುತ್ತ ಮರಳು ಕ್ಷಣಕಾಲ ಬಿಳಿಚುತ್ತದೆ. ಒತ್ತಡಕ್ಕೆ ಕಣಗಳ ನಡುವಿನ ಜಾಗ ಹಿಗ್ಗಿ, ಮೇಲಿನ ನೀರು ಒಳಗಿಳಿಯುವುದರಿಂದ ಹೀಗೆ. 1885ರಲ್ಲಿ ವಿಜ್ಞಾನಿ ಆಸ್ಬೋರ್ನ್ ರೆನಾಲ್ಡ್ಸ್ ವಿವರಿಸಿದ್ದು ಇದನ್ನೇ. ಈ ಬಿಳಿಯ ಉಂಗುರ ಚಪ್ಪಲಿಯ ಆಕಾರಕ್ಕೆ ತಕ್ಕಂತೆ ಮೂಡಿರುತ್ತದೆ. ಅದರೊಳಗೆ ಬೂಟು ಕೂರಿಸಿದರೆ ಉಂಗುರ ಒಂದು ಕಡೆ ಅಟ್ಟೆಯಡಿ ಹೊಕ್ಕು, ಇನ್ನೊಂದು ಕಡೆ ಬೇಕಿಲ್ಲದೆ ಉಳಿಯುತ್ತದೆ. ಜತೆಗೆ ನೀರಿನ ಪೊರೆಯಲ್ಲಿ ಪ್ರತಿಬಿಂಬ, ಅದರ ಮೇಲೆ ನೆರಳು, ನೊರೆಯ ತುಣುಕು. ಇಷ್ಟನ್ನು ಕಟ್ಟಲು ಹಿಡಿಯುವ ಹೊತ್ತಿನಲ್ಲಿ ಆ ಚಿತ್ರವನ್ನೇ ಮತ್ತೊಮ್ಮೆ ತೆಗೆದು ಬರಬಹುದು. ಕಾರಿನಲ್ಲಿರುವ ಬೂಟನ್ನು ಈ ಸಲ ತೊಟ್ಟೇ ಇಳಿಯಲು ಹುಡುಗನಿಗೆ ಹೇಳಬೇಕು, ಜತೆಗೆ ಮರಳು ಕೊಡವಲು ಒಂದು ಬ್ರಷ್ ಇರಲಿ.