ಅಂಕೆಯೋ, ವಿಳಾಸವೋ?

ಒಂದು ಚೀಟಿಯಲ್ಲಿ ‘20’ ಎಂದಷ್ಟೇ ಬರೆದು ಕೊಟ್ಟರೆ, ಅದು ಇಪ್ಪತ್ತು ರೂಪಾಯಿಯೋ ಇಪ್ಪತ್ತನೆಯ ನಂಬರಿನ ಮನೆಯೋ ಎಂದು ನಾವು ಕೇಳುತ್ತೇವೆ. ಗಣಕಯಂತ್ರ ಕೇಳುವುದಿಲ್ಲ, ಆಜ್ಞೆಯನ್ನು ಬರೆದಿರುವ ರೀತಿಯಿಂದಲೇ ತಿಳಿದುಕೊಳ್ಳುತ್ತದೆ. ಈ ರೀತಿಗಳಿಗೆ ಅಡ್ರೆಸಿಂಗ್ ಮೋಡ್‌ಗಳೆಂದು ಹೆಸರು. 1975ರಲ್ಲಿ ಬಂದ 6502 ಎಂಬ ಪ್ರೊಸೆಸರಿನ ಅಸೆಂಬ್ಲಿ ಭಾಷೆಯಲ್ಲಿ ಇವನ್ನು ನೋಡೋಣ.

ಯಂತ್ರದ ಮೆಮೊರಿಯನ್ನು ಸಾಲಾಗಿ ನಂಬರು ಹಾಕಿದ ಗೂಡುಗಳೆಂದು ಭಾವಿಸಿರಿ. ಆ ನಂಬರೇ ವಿಳಾಸ. ಒಬ್ಬ ವಿದ್ಯಾರ್ಥಿಯ ಐದು ವಿಷಯಗಳ ಅಂಕಗಳು 35, 48, 61, 40, 52 ಎಂದಿರಲಿ. ಅವು `$0310` ರಿಂದ ಮೊದಲಾಗಿ ಐದು ಗೂಡುಗಳಲ್ಲಿವೆ. `$` ಎಂಬುದು ಹದಿನಾರರ ಎಣಿಕೆಯ ಗುರುತು. `$20` ರಲ್ಲಿ `$10`, ಮುಂದಿನ `$21` ರಲ್ಲಿ `$03` ಇವೆ. ಕೆಳಭಾಗ ಮೊದಲು ಬರುವುದರಿಂದ ಇವೆರಡೂ ಸೇರಿದರೆ `$0310` ಎಂಬ ವಿಳಾಸ.

```
LDA #$20
LDA $20
LDA ($20),Y
LDA $0310,X
```

LDA ಎಂದರೆ A ಎಂಬ ರಿಜಿಸ್ಟರಿಗೆ ಬೆಲೆಯನ್ನು ತರುವುದು. ಮೊದಲನೆಯದು ಇಮ್ಮಿಡಿಯೆಟ್: `#` ಇರುವುದರಿಂದ `$20` ಎಂಬ ಸಂಖ್ಯೆಯೇ A ಗೆ ಬರುತ್ತದೆ. ಎರಡನೆಯದು ಡೈರೆಕ್ಟ್: `$20` ನೆಯ ಗೂಡಿನಲ್ಲಿರುವ `$10` ಬರುತ್ತದೆ. ಮೂರನೆಯದು ಇನ್‌ಡೈರೆಕ್ಟ್: ಆ ಗೂಡಿನಲ್ಲಿರುವುದು ಬೆಲೆಯಲ್ಲ, ಇನ್ನೊಂದು ಮನೆಯ ವಿಳಾಸ. Y ಸೊನ್ನೆಯಾಗಿದ್ದರೆ `$0310` ಕ್ಕೆ ಹೋಗಿ 35 ಅನ್ನು ತರುತ್ತದೆ. ನಾಲ್ಕನೆಯದು ಇಂಡೆಕ್ಸ್ಡ್: ವಿಳಾಸಕ್ಕೆ X ಅನ್ನು ಕೂಡಿಸುವುದು. X ಎರಡಾಗಿದ್ದರೆ `$0312` ರಲ್ಲಿರುವ 61 ಸಿಕ್ಕುತ್ತದೆ. X ಅನ್ನು ಒಂದೊಂದೇ ಹೆಚ್ಚಿಸುತ್ತ ಹೋದರೆ ಇಡೀ ಪಟ್ಟಿಯನ್ನು ಒಂದೇ ಆಜ್ಞೆಯಿಂದ ಓದಬಹುದು. ಆದರೆ X 255ನ್ನು ದಾಟಲಾರದು. ಆದುದರಿಂದ ಹೀಗೆ ಓದಬಹುದಾದ ಗೂಡುಗಳು 256 ಮಾತ್ರ.

ಈ ಐದು ಅಂಕಗಳನ್ನು ಕೂಡಿಸಲು ನಾನೂ ಒಂದು ಪ್ರೋಗ್ರಾಮನ್ನು ಬರೆದೆನು. ಉತ್ತರ 236 ಬರಬೇಕಾಗಿತ್ತು, ಬಂದದ್ದು 144. ಯಂತ್ರ ಯಾವ ದೋಷವನ್ನೂ ತೋರಿಸಲಿಲ್ಲ. ಕೈಯಿಂದ ಕೂಡಿ ನೋಡದೆ ಇದ್ದಿದ್ದರೆ ಅದನ್ನೇ ನಂಬಿಬಿಡುತ್ತಿದ್ದೆನು. ಎರಡು ಸಂಜೆ ಹುಡುಕಿದ ಮೇಲೆ ತಿಳಿಯಿತು: ಐದು ಸಲ ಆಯಿತೇ ಎಂದು X ಅನ್ನು ಹೋಲಿಸುವಲ್ಲಿ `CPX #5` ಎನ್ನುವ ಬದಲು `CPX 5` ಎಂದು ಬರೆದಿದ್ದೆ. ಯಂತ್ರ ಐದು ಎಂಬ ಸಂಖ್ಯೆಯನ್ನು ಬಿಟ್ಟು ಐದನೆಯ ಗೂಡನ್ನು ತೆರೆದು ನೋಡಿತು. ಅಲ್ಲಿ ಆಗ 3 ಇತ್ತು. ಮೂರೇ ಅಂಕಗಳನ್ನು ಕೂಡಿ ನಿಂತುಬಿಟ್ಟಿತು.

ಇದನ್ನು ಪತ್ತೆಮಾಡಲು ಅಸೆಂಬ್ಲರ್ ಕೊಡುವ ಲಿಸ್ಟಿಂಗನ್ನು ನೋಡಬೇಕು. ಸರಿಯಾದ ಸಾಲು `E0 05` ಎಂದೂ ತಪ್ಪಿದ ಸಾಲು `E4 05` ಎಂದೂ ಕಾಣುತ್ತದೆ. 05 ಎರಡರಲ್ಲಿಯೂ ಒಂದೇ. ಅದು ಅಂಕೆಯೋ ವಿಳಾಸವೋ ಎಂಬುದನ್ನು ಹೇಳುವುದು ಅದರ ಹಿಂದಿನ ಆ ಒಂದು ಬೈಟು ಮಾತ್ರ.