ಓಟದ ಶೂ ಕೊಳ್ಳುವಾಗ ಕೇಳಲೇಬೇಕಾದ ಒಂದು ಅಂಕಿ

ಒದ್ದೆ ಪಾದವನ್ನು ಕಾಗದದ ಮೇಲೆ ಊರಿ ನೋಡಿ. ಅಂಗಾಲಿನ ಗುರುತು ಪೂರ್ತಿ ಮೂಡಿದರೆ ಚಪ್ಪಟೆ ಪಾದ, ನಡುವೆ ಸಣ್ಣ ಪಟ್ಟಿಯಷ್ಟೇ ಮೂಡಿದರೆ ಎತ್ತರದ ಕಮಾನು, ಎರಡರ ಮಧ್ಯದ್ದಾದರೆ ಸಾಮಾನ್ಯ ಪಾದ. ಓಟದ ಶೂ ಮಾರುವವರು ಬಹುಕಾಲದಿಂದ ಈ ಪರೀಕ್ಷೆಯನ್ನೇ ನೆಚ್ಚಿಕೊಂಡಿದ್ದಾರೆ. ಚಪ್ಪಟೆ ಪಾದದವರಿಗೆ ಒಳಬದಿ ಗಟ್ಟಿಯಾಗಿರುವ ಶೂ, ಎತ್ತರದ ಕಮಾನಿನವರಿಗೆ ಮೆತ್ತನೆಯ ಶೂ ಎಂಬುದು ಅವರ ಲೆಕ್ಕ. ಕೇಳಲು ಸರಿಯಾಗಿಯೇ ಇದೆ. ಆದರೆ ಪರೀಕ್ಷೆಗೆ ಒಡ್ಡಿದಾಗ ಈ ಲೆಕ್ಕ ಗಟ್ಟಿಯಾಗಿ ನಿಲ್ಲಲಿಲ್ಲ.

ಅಮೆರಿಕದ ಸೇನೆ 2009ರ ಸುಮಾರಿಗೆ ಹೊಸದಾಗಿ ಸೇರಿದ ಸಾವಿರಾರು ಯೋಧರ ಮೇಲೆ ಇದನ್ನೇ ಪರೀಕ್ಷಿಸಿತು. ಒಂದು ಗುಂಪಿಗೆ ಪಾದದ ಆಕಾರ ನೋಡಿ ಶೂ ಕೊಟ್ಟರು. ಇನ್ನೊಂದು ಗುಂಪಿಗೆ ಪಾದ ಹೇಗೇ ಇರಲಿ, ಒಂದೇ ಬಗೆಯ ಶೂ ಕೊಟ್ಟರು. ತರಬೇತಿ ಮುಗಿದಾಗ ಗಾಯಗೊಂಡವರ ಪ್ರಮಾಣದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಡೆನ್ಮಾರ್ಕಿನ ಇನ್ನೊಂದು ಅಧ್ಯಯನದಲ್ಲಿ ಆಗಷ್ಟೇ ಓಡಲು ಶುರುಮಾಡಿದ್ದ 927 ಮಂದಿಗೆ ಸಾದಾ ಶೂ ಕೊಟ್ಟು ಒಂದು ವರ್ಷ ಗಮನಿಸಿದರು. ಪಾದ ಒಳಕ್ಕೆ ವಾಲುವವರಿಗೆ ಹೆಚ್ಚು ಗಾಯವಾದದ್ದು ಕಾಣಲಿಲ್ಲ. ಹಾಗೆಂದು ಗಟ್ಟಿ ಒಳಬದಿಯ ಶೂ ನಿಷ್ಪ್ರಯೋಜಕವೆಂದಲ್ಲ. ಲಕ್ಸೆಂಬರ್ಗಿನ ಸಂಶೋಧಕರು 372 ಓಟಗಾರರಲ್ಲಿ ನಡೆಸಿದ ಪ್ರಯೋಗದಲ್ಲಿ ಪಾದ ಒಳಕ್ಕೆ ವಾಲುವವರಿಗೆ ಅಂಥ ಶೂನಿಂದ ಗಾಯ ಕಡಿಮೆಯಾದದ್ದೂ ಉಂಟು. ಪಾದದ ಆಕಾರವೊಂದನ್ನೇ ನೋಡಿ ತೀರ್ಪು ಕೊಡಲಾಗದು ಎನ್ನುವುದಷ್ಟೇ ಇವೆಲ್ಲದರ ಅರ್ಥ. ಪಾದ ಚಪ್ಪಟೆಯಾಗಿದ್ದರೂ ಯಾವ ನೋವೂ ಇಲ್ಲದೆ ಸಾದಾ ಶೂನಲ್ಲಿ ಓಡುತ್ತಿದ್ದರೆ ಅದನ್ನು ಬದಲಿಸಲು ಕಾರಣವಿಲ್ಲ.

ಪಾದದ ಕಮಾನಿಗಿಂತ ಅದರ ಅಗಲಕ್ಕೆ ಹೆಚ್ಚು ಗಮನ ಕೊಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಮುಂಗಾಲು ಅಗಲವಿರುವವರು ಬಿಗಿಯಾದ ಶೂನಲ್ಲಿ ಜಾಗ ಸಾಲದೆ ಒಂದು ಅಳತೆ ದೊಡ್ಡದನ್ನು ತೆಗೆದುಕೊಳ್ಳುತ್ತಾರೆ. ಆಗ ಹಿಮ್ಮಡಿ ಒಳಗೆ ಜಾರಾಡುತ್ತದೆ. ಉದ್ದದ ಬದಲು ಅಗಲ ಹೆಚ್ಚಿರುವ ಶೂ ಕೇಳಿ. ಅನೇಕ ಕಂಪನಿಗಳು ಅದೇ ಮಾದರಿಯನ್ನು ಅಗಲವಾಗಿಯೂ ತಯಾರಿಸುತ್ತವೆ. ಸಂಜೆ ಪಾದ ಸ್ವಲ್ಪ ಊದಿರುತ್ತದೆ, ಹಾಗಾಗಿ ಸಂಜೆ ಹೋಗಿ. ಓಡುವಾಗ ಹಾಕುವ ಕಾಲುಚೀಲವನ್ನೇ ಹಾಕಿಕೊಂಡು ನಿಂತಾಗ ಅತಿ ಉದ್ದದ ಬೆರಳಿನ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಉಳಿಯಬೇಕು. ಅದು ಸಾಲದಿದ್ದರೆ ಇಳಿಜಾರಿನಲ್ಲಿ ಉಗುರು ಶೂನ ಮೂತಿಗೆ ಬಡಿದು ಕಪ್ಪಾಗುತ್ತದೆ.

ಇನ್ನು ಆ ಅಂಕಿ. ಶೂನ ವಿವರದಲ್ಲಿ 38/30 ಎಂದು ಬರೆದಿದ್ದರೆ ಹಿಮ್ಮಡಿಯ ಕೆಳಗೆ 38 ಮಿಲಿಮೀಟರ್, ಮುಂಗಾಲಿನ ಕೆಳಗೆ 30 ಮಿಲಿಮೀಟರ್ ದಪ್ಪವಿದೆ ಎಂದರ್ಥ. ಎರಡರ ನಡುವಿನ ವ್ಯತ್ಯಾಸವಾದ 8 ಮಿಲಿಮೀಟರ್‌ಗೆ ಡ್ರಾಪ್ ಎನ್ನುತ್ತಾರೆ. ದಪ್ಪ ಮತ್ತು ಡ್ರಾಪ್ ಬೇರೆಬೇರೆ ಸಂಗತಿಗಳು. ತುಂಬ ದಪ್ಪ ಅಟ್ಟೆಯ ಶೂನಲ್ಲೂ ಡ್ರಾಪ್ ಕೇವಲ 4 ಇರಬಹುದು. ದಪ್ಪವನ್ನು ಕಣ್ಣಿನಿಂದಲೇ ಅಳೆಯಬಹುದು, ಡ್ರಾಪ್ ಹಾಗಲ್ಲ. ಹೊರಗೆ ಕಾಣುವ ಫೋಮ್ ಪಾದದ ಸುತ್ತ ಮೇಲಕ್ಕೆ ಎದ್ದಿರುತ್ತದೆ, ಪಾದ ಒಳಗೆ ಎಲ್ಲಿ ಕೂರುತ್ತದೆಂದು ಗೊತ್ತಾಗುವುದಿಲ್ಲ. ಆದ್ದರಿಂದಲೇ ಕೇಳಬೇಕು.

ಡ್ರಾಪ್ ಕಡಿಮೆಯಾದಂತೆ ಕಾಲಿನ ಹೊರೆ ಜಾಗ ಬದಲಿಸುತ್ತದೆ. ಹಿಮ್ಮಡಿ ಕೆಳಗಿಳಿದರೆ ಮೀನಖಂಡ ಮತ್ತು ಅದನ್ನು ಹಿಮ್ಮಡಿಗೆ ಕಟ್ಟಿರುವ ಅಕಿಲಿಸ್ ಸ್ನಾಯುರಜ್ಜು ಹೆಚ್ಚು ಎಳೆಯಬೇಕಾಗುತ್ತದೆ. ಡ್ರಾಪ್ ಹೆಚ್ಚಿದ್ದರೆ ಆ ಎಳೆತ ತಗ್ಗಿ ಮಂಡಿಯ ಕೆಲಸ ಹೆಚ್ಚುವ ಒಲವಿದೆ. ಎಲ್ಲರಿಗೂ ಒಳ್ಳೆಯದು ಎನ್ನಬಹುದಾದ ಡ್ರಾಪ್ ಇಲ್ಲ. ಲಕ್ಸೆಂಬರ್ಗಿನ ಅದೇ ತಂಡ 553 ಮಂದಿಗೆ 10, 6 ಮತ್ತು 0 ಮಿಲಿಮೀಟರ್ ಡ್ರಾಪ್‌ನ ಶೂ ಹಂಚಿ ಆರು ತಿಂಗಳು ನೋಡಿತು. ಒಟ್ಟಾರೆ ಗಾಯಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಅಪರೂಪಕ್ಕೆ ಓಡುವವರಿಗೆ ಕಡಿಮೆ ಡ್ರಾಪ್ ಒಳ್ಳೆಯದಾಗಿ ಪರಿಣಮಿಸಿತು. ನಿಯಮಿತವಾಗಿ ಓಡುವವರಿಗೆ ಅದೇ ಹೆಚ್ಚು ಗಾಯ ತಂದಿತು.

ಒಂದು ಉದಾಹರಣೆ ತೆಗೆದುಕೊಳ್ಳೋಣ. ಮೈಸೂರಿನಲ್ಲಿ ಕುಕ್ಕರಹಳ್ಳಿ ಕೆರೆಯ ಸುತ್ತ ಓಡುವ ಒಬ್ಬಾಕೆ ವಾರಕ್ಕೆ ನಾಲ್ಕು ದಿನ, ಒಟ್ಟು ಇಪ್ಪತ್ತು ಕಿಲೋಮೀಟರ್ ಓಡುತ್ತಾರೆ ಎಂದಿಟ್ಟುಕೊಳ್ಳಿ. ಶೂನ ಡ್ರಾಪ್ 10. ಮಂಡಿಯ ಮುಂಭಾಗ ಆಗಾಗ ನೋಯುತ್ತದೆ. ಯಾರದೋ ಸಲಹೆಯಂತೆ 4 ಡ್ರಾಪ್‌ನ ಹೊಸ ಶೂ ಕೊಂಡು, ಹಳೆಯದನ್ನು ಎಸೆದು, ಮರುದಿನವೇ ಐದು ಕಿಲೋಮೀಟರ್ ಓಡಿದರು. ಆರು ಮಿಲಿಮೀಟರ್ ಎಷ್ಟರ ಮಾತು ಅನಿಸಬಹುದು. ಆದರೆ ಐದು ಕಿಲೋಮೀಟರಿನಲ್ಲಿ ಒಂದೊಂದು ಕಾಲೂ ಎರಡೂವರೆ, ಮೂರು ಸಾವಿರ ಬಾರಿ ನೆಲ ಮುಟ್ಟುತ್ತದೆ. ಪ್ರತಿ ಸಲವೂ ಮೀನಖಂಡಕ್ಕೆ ಅಭ್ಯಾಸವಿಲ್ಲದ ಎಳೆತ. ಮಂಡಿ ಹಗುರಾಗುತ್ತದೆ, ಆದರೆ ಎರಡು ವಾರದೊಳಗೆ ಬೆಳಿಗ್ಗೆ ಮಂಚದಿಂದ ಇಳಿದು ಇಡುವ ಮೊದಲ ಹೆಜ್ಜೆಗೇ ಹಿಮ್ಮಡಿಯ ಮೇಲ್ಭಾಗ ಚುಚ್ಚತೊಡಗಿದರೆ ಆಶ್ಚರ್ಯವಿಲ್ಲ.

ಆಕೆ ಮಾಡಬೇಕಾಗಿದ್ದುದು ಹಳೆಯ ಶೂ ಎಸೆಯದಿರುವುದು. ಮೊದಲ ಎರಡು ವಾರ ಹೊಸ ಶೂನಲ್ಲಿ ವಾರಕ್ಕೆ ಒಂದೇ ಓಟ, ಅದೂ ಮೂರು ಕಿಲೋಮೀಟರ್, ನಿಧಾನಗತಿಯಲ್ಲಿ. ಮಿಕ್ಕ ಮೂರು ದಿನ ಹಳೆಯದು. ಮೂರನೆಯ ವಾರದಿಂದ ಎರಡು ಸಣ್ಣ ಓಟ. ಆರರಿಂದ ಎಂಟು ವಾರದ ಹೊತ್ತಿಗೆ ಅರ್ಧ ಓಟ ಹೊಸದರಲ್ಲಿ, ಅರ್ಧ ಹಳೆಯದರಲ್ಲಿ. ಎರಡೂ ಮೀನಖಂಡಗಳು ಸಮನಾಗಿ ಬಿಗಿದು ಒಂದೆರಡು ದಿನದಲ್ಲಿ ಸಡಿಲಗೊಂಡರೆ ಸ್ನಾಯು ಹೊಂದಿಕೊಳ್ಳುತ್ತಿದೆ ಎಂದು ತಿಳಿಯಬಹುದು. ಒಂದೇ ಕಾಲಿನಲ್ಲಿ, ಒಂದೇ ಬಿಂದುವಿನಲ್ಲಿ, ದಿನದಿಂದ ದಿನಕ್ಕೆ ಹೆಚ್ಚುವ ನೋವಾದರೆ ಕೂಡಲೇ ಹಳೆಯ ಶೂಗೆ ಮರಳಬೇಕು. ಕೆಲವು ದಿನಗಳಲ್ಲಿ ಇಳಿಯದಿದ್ದರೆ ಫಿಸಿಯೋಥೆರಪಿಸ್ಟರನ್ನು ಕಾಣಬೇಕು.

ಈ ಅದಲುಬದಲು ಹೊಂದಿಕೊಳ್ಳುವ ಅವಧಿಗಷ್ಟೇ ಅಲ್ಲ, ಆಮೇಲೂ ಒಳ್ಳೆಯದು. 264 ಓಟಗಾರರನ್ನು 22 ವಾರ ಗಮನಿಸಿದ ಲಕ್ಸೆಂಬರ್ಗಿನ ಮತ್ತೊಂದು ಅಧ್ಯಯನದಲ್ಲಿ ಒಂದಕ್ಕಿಂತ ಹೆಚ್ಚು ಜೊತೆ ಬಳಸುತ್ತಿದ್ದವರಿಗೆ ಗಾಯದ ಸಂಭವ ಶೇ 39ರಷ್ಟು ಕಡಿಮೆ ಇತ್ತು. ಅದು ಇದ್ದುದನ್ನು ಇದ್ದಂತೆ ಗಮನಿಸಿದ ಅಧ್ಯಯನ, ಶೂ ಹಂಚಿ ನಡೆಸಿದ ಪ್ರಯೋಗವಲ್ಲ. ಹಾಗಾಗಿ ಪೂರ್ಣ ಶ್ರೇಯಸ್ಸನ್ನು ಶೂಗೇ ಕೊಡಲಾಗದು. ಆದರೂ ಕಾರಣ ಊಹಿಸಲು ಕಷ್ಟವಿಲ್ಲ: ಶೂ ಬದಲಾದಾಗ ಹೊರೆ ಬೀಳುವ ಜಾಗವೂ ಸ್ವಲ್ಪ ಬದಲಾಗುತ್ತದೆ, ಒಂದೇ ಅಂಗಾಂಶ ದಿನವೂ ಸವೆಯುವುದಿಲ್ಲ. ಆದ್ದರಿಂದ ಒಂದೇ ಮಾದರಿಯ ಎರಡು ಜೊತೆಗಿಂತ ಡ್ರಾಪ್ ಅಥವಾ ದಪ್ಪದಲ್ಲಿ ಬೇರೆಯಾದ ಎರಡು ಜೊತೆ ಮೇಲು. ನಮ್ಮ ಮಳೆಗಾಲದಲ್ಲಿ ಇನ್ನೊಂದು ಅನುಕೂಲವೂ ಇದೆ. ನೆನೆದ ಶೂಗೆ ಹಳೆಯ ಪತ್ರಿಕೆ ತುರುಕಿ ನೆರಳಲ್ಲಿ ಒಣಗಲು ಬಿಟ್ಟು, ಮರುದಿನ ಇನ್ನೊಂದರಲ್ಲಿ ಓಡಬಹುದು.

ದಪ್ಪದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ರಸ್ತೆ ಓಟದ ಅಧಿಕೃತ ಸ್ಪರ್ಧೆಗಳಲ್ಲಿ ಗಣ್ಯ ಓಟಗಾರರ ಶೂಗೆ 40 ಮಿಲಿಮೀಟರ್ ಮಿತಿ ಇದೆ. 2021ರ ವಿಯೆನ್ನಾ ಮ್ಯಾರಥಾನಿನಲ್ಲಿ ಮೊದಲು ಗುರಿ ಮುಟ್ಟಿದ ಡೆರಾರಾ ಹುರಿಸಾ ಅವರನ್ನು ಅಟ್ಟೆ 50 ಮಿಲಿಮೀಟರ್ ಇದ್ದ ಕಾರಣಕ್ಕೆ ಅನರ್ಹಗೊಳಿಸಲಾಯಿತು. ನಮ್ಮಂಥವರಿಗೆ ಆ ಮಿತಿಯ ಚಿಂತೆಯಿಲ್ಲ, ಕಲ್ಲು ಎದ್ದ ಪಾದಚಾರಿ ಮಾರ್ಗದ ಚಿಂತೆ ಇದೆ. ಎತ್ತರದ ಮೆತ್ತನೆಯ ಅಟ್ಟೆ ಏರುಪೇರಾದ ನೆಲದಲ್ಲಿ ಹೊಯ್ದಾಡುತ್ತದೆ, ಕಣಕಾಲು ಉಳುಕುವ ಭಯ ಹೆಚ್ಚು. ಅಂಥದ್ದನ್ನು ಸಪಾಟಾದ ದಾರಿಯ ದೀರ್ಘ ಓಟಕ್ಕೆ ಇಟ್ಟುಕೊಂಡು, ಒರಟು ದಾರಿಗೆ ತಗ್ಗಿನದನ್ನು ಹಾಕಿಕೊಳ್ಳುವುದು ಜಾಣತನ.

ಒಂದು ಜೊತೆ ಸಾಮಾನ್ಯವಾಗಿ 500ರಿಂದ 800 ಕಿಲೋಮೀಟರ್ ಬಾಳುತ್ತದೆ. ಹಿಮ್ಮಡಿಯ ಹೊರ ಅಂಚು ಮೊದಲು ಸವೆಯುವುದು ಬಹುಪಾಲು ಓಟಗಾರರಲ್ಲಿ ಸಹಜ, ಅದನ್ನು ದೋಷವೆಂದು ಎಣಿಸಬೇಕಿಲ್ಲ. ಶೂವನ್ನು ಮೇಜಿನ ಮೇಲಿಟ್ಟು ಹಿಂದಿನಿಂದ ನೋಡಿದಾಗ ಅದು ಒಂದು ಕಡೆ ವಾಲಿ ನಿಂತಿದ್ದರೆ ಅದರ ಓಟ ಮುಗಿದಂತೆ. ಹೊಸ ಜೊತೆಯನ್ನು ಅದಕ್ಕಿಂತ ಒಂದೆರಡು ತಿಂಗಳು ಮೊದಲೇ ತಂದು, ಹಳೆಯದರ ಡ್ರಾಪ್ ಎಷ್ಟೆಂದು ಬರೆದಿಟ್ಟುಕೊಂಡು, ಎರಡನ್ನೂ ಜೊತೆಜೊತೆಗೆ ಓಡಿಸಿ.