ನೆಲ ಬಿಟ್ಟೆದ್ದ ರಂಗೋಲಿ

ಕೆಂಪು ಗಾರೆ ನೆಲದ ಮೇಲಿನ ಬಿಳಿ ಎಳೆ ರಂಗೋಲಿಯನ್ನು ಶುಭಾಶಯ ಪತ್ರಕ್ಕಾಗಿ ಫೋಟೋದಿಂದ ಬೇರ್ಪಡಿಸಲು ಹೊರಟವರು ಸಾಮಾನ್ಯವಾಗಿ ಎಳೆಯ ಅಂಚಿನುದ್ದಕ್ಕೂ ಮೌಸ್ ಓಡಿಸಿ ಕತ್ತರಿಸಲು ನೋಡುತ್ತಾರೆ. ಆದರೆ ರಂಗೋಲಿ ಎಳೆಗೆ ಖಚಿತವಾದ ಅಂಚೇ ಇಲ್ಲ. ನಡುವೆ ದಟ್ಟವಾಗಿರುವ ಹುಡಿ ಬದಿಗೆ ಬಂದಂತೆ ತೆಳುವಾಗಿ, ಕಣಗಳ ಸಂದಿಯಲ್ಲಿ ನೆಲ ಇಣುಕುತ್ತದೆ. ಕತ್ತರಿಸಿದ ಎಳೆ ಅಂಗಡಿಯ ಸ್ಟಿಕ್ಕರಿನಂತಾಗುತ್ತದೆ. ಅಂಚಿಗೆ ಕೆಂಪೂ ಅಂಟಿಕೊಂಡೇ ಬರುತ್ತದೆ.

ಡಿಜಿಟಲ್ ಫೋಟೋದ ಪ್ರತಿ ಚುಕ್ಕೆಯೂ ಕೆಂಪು, ಹಸಿರು, ನೀಲಿ ಎಂಬ ಮೂರು ಅಳತೆಗಳ ಕೂಟ. ಬಿಳಿ ಹುಡಿಯಲ್ಲಿ ಮೂರೂ ಹೆಚ್ಚು. ಕೆಂಪು ನೆಲದಲ್ಲಿ ನೀಲಿ ತೀರಾ ಕಡಿಮೆ. ಹಾಗಾಗಿ ನೀಲಿಯ ಅಳತೆಯನ್ನಷ್ಟೇ ನೋಡಿದರೆ ನೆಲ ಹೆಚ್ಚುಕಡಿಮೆ ಕಪ್ಪಾಗಿ, ರಂಗೋಲಿ ಬೆಳ್ಳಗೆ ಎದ್ದು ನಿಲ್ಲುತ್ತದೆ. ಆ ಕಪ್ಪು-ಬಿಳುಪು ಚಿತ್ರವೇ ನೆಲವನ್ನು ಮರೆಮಾಡುವ ಮುಸುಕು.

ಉಚಿತವಾಗಿ ಸಿಗುವ ಗಿಂಪ್ ತಂತ್ರಾಂಶದಲ್ಲಿ Channels ಪಟ್ಟಿಯ Blue ಮೇಲೆ ಬಲಗುಂಡಿ ಒತ್ತಿ Duplicate Channel ಆರಿಸಿದರೆ ಅದರ ಪ್ರತಿ ಸಿಗುತ್ತದೆ. ಆ ಪ್ರತಿಯನ್ನು ಆರಿಸಿಕೊಂಡೇ Levels ತೆರೆಯಬೇಕು. 0 ಕಪ್ಪು, 255 ಬಿಳಿ ಎಂಬ ಅಳತೆಯಲ್ಲಿ ನೆಲ 60ರೊಳಗೆ, ಹುಡಿ 190ರ ಮೇಲೆ ಇದ್ದರೆ, ಎಡದ ಗುರುತನ್ನು 65ಕ್ಕೂ ಬಲದ್ದನ್ನು 190ಕ್ಕೂ ತಂದರೆ ಸಾಕು. ಎರಡನ್ನೂ ತೀರಾ ಹತ್ತಿರ ತಂದರೆ ನಡುವಿನ ಬೂದು ಛಾಯೆಗಳು ಅಳಿದು ಮತ್ತೆ ಸ್ಟಿಕ್ಕರೇ ಗತಿ. ಆಮೇಲೆ ಬಿಳಿ ಬಣ್ಣ ತುಂಬಿದ ಹೊಸ ಪದರಕ್ಕೆ Add Layer Mask ಮೂಲಕ ಈ ಪ್ರತಿಯನ್ನು ಮುಸುಕಾಗಿ ತೊಡಿಸಬೇಕು. ಫೋಟೋದ ಬಣ್ಣವನ್ನೇ ಬಳಸದ ಕಾರಣ ಅಂಚಿನಲ್ಲಿ ಕೆಂಪು ಉಳಿಯುವ ಮಾತೇ ಇಲ್ಲ. ಕೆಳಗೊಂದು ಕಡುಹಸಿರು ಪದರವಿಟ್ಟು ನೋಡಿದರೆ ನೆಲದ ಕಲೆಗಳು ಬಯಲಾಗುತ್ತವೆ. ಮುಸುಕಿನ ಮೇಲೆ ಕಪ್ಪು ಕುಂಚ ಆಡಿಸಿ ಅವನ್ನು ಅಳಿಸಬಹುದು. ಚದುರಿದ ನಾಲ್ಕು ಕಾಳು ಹುಡಿ ಉಳಿದರೆ ಚೆಂದವೇ.

ಕೆಲಸ ಕೆಡುವುದು ಹೆಚ್ಚಾಗಿ ಫೋಟೋದಲ್ಲೇ. ಪಾಲಿಶ್ ಮಾಡಿದ ನೆಲದ ಹೊಳಪೂ ನೀಲಿಯಲ್ಲಿ ಬೆಳ್ಳಗೆ ಕಂಡು ರಂಗೋಲಿಯೊಡನೆ ಬೆರೆಯುತ್ತದೆ. ಅದಕ್ಕೇ ಫ್ಲ್ಯಾಷ್ ಇಲ್ಲದೆ, ಇಡೀ ರಂಗೋಲಿ ನೆರಳಿನಲ್ಲಿರುವಾಗ, ನೇರ ಮೇಲಿನಿಂದ ತೆಗೆಯಬೇಕು.

ಬಣ್ಣ ತುಂಬಿದ ರಂಗೋಲಿಗೆ ಈ ಉಪಾಯ ಒಗ್ಗದು: ಕೆಂಪು, ಹಳದಿ ಹುಡಿಗಳಲ್ಲೂ ನೀಲಿ ಕಡಿಮೆಯಾದ್ದರಿಂದ ಅವು ನೆಲದೊಂದಿಗೇ ಮಾಯವಾಗುತ್ತವೆ. ಹೂವಿನ ರಂಗೋಲಿಯದ್ದೂ ಅದೇ ಕಥೆ. ಅಲ್ಲಿ ಹೊರವೃತ್ತವನ್ನಷ್ಟೇ ಕೈಯಿಂದ ಗೆರೆ ಹಾಕಿ ಆರಿಸಿ, ಅಂಚನ್ನು ಒಂದೆರಡು ಪಿಕ್ಸೆಲ್ ಮೆದುಗೊಳಿಸುವುದೇ ಸರಿ.

ಪತ್ರದ ಮೇಲೆ 4 ಇಂಚು ಅಗಲ ಅಚ್ಚಾಗಬೇಕಾದರೆ, ಇಂಚಿಗೆ 300ರ ಲೆಕ್ಕದಲ್ಲಿ ರಂಗೋಲಿ 1200 ಪಿಕ್ಸೆಲ್ ಇರಬೇಕು. ಅದನ್ನು PNG ಆಗಿ ಉಳಿಸಬೇಕು. JPEG ಪಾರದರ್ಶಕತೆಯನ್ನು ಉಳಿಸಿಕೊಳ್ಳುವುದಿಲ್ಲ.